ಫೋನೇ ರಿಮೋಟ್ ಆದಾಗ

ಸ್ಮಾರ್ಟ್ ಟಿವಿಯ ರಿಮೋಟ್ ಕಾಣೆಯಾದರೆ ಫೋನಿನಿಂದಲೇ ಕೆಲಸ ಸಾಗಿಸಬಹುದು ಎನ್ನುವುದು ಈಗ ಬಹಳ ಮಂದಿಗೆ ಗೊತ್ತು. ಆದರೆ ಆ್ಯಪ್ ಹಾಕಿಕೊಂಡ ಮೇಲೂ ಫೋನಿಗೆ ಟಿವಿಯೇ ಕಾಣುವುದಿಲ್ಲ ಎಂದು ಗೊಣಗುವವರೂ ಅಷ್ಟೇ ಇದ್ದಾರೆ. ಬಹುತೇಕ ಸಲ ತಪ್ಪು ಆ್ಯಪಿನದಲ್ಲ, ಮನೆಯ ವೈಫೈಯದು.

ಹಳೆಯ ಬಗೆಯ ರಿಮೋಟ್ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕನ್ನು ನೇರವಾಗಿ ಟಿವಿಯ ಮುಖಕ್ಕೆ ಬಿಡುತ್ತದೆ. ಅದಕ್ಕೆ ಇಂಟರ್ನೆಟ್ಟೂ ಬೇಡ, ವೈಫೈಯೂ ಬೇಡ. ಶಿಯೋಮಿಯ ಹಲವು ಫೋನುಗಳ ನೆತ್ತಿಯಲ್ಲಿ ಇಂಥದೇ ಪುಟ್ಟ ದೀಪವಿರುತ್ತದೆ. ಅಂಥ ಫೋನಿದ್ದರೆ ಅದರ ರಿಮೋಟ್ ಆ್ಯಪಿನಲ್ಲಿ ಟಿವಿಯ ಕಂಪನಿ ಆರಿಸಿದರೆ ಸಾಕು. ಉಳಿದ ಬಹುತೇಕ ಫೋನುಗಳಲ್ಲಿ ಆ ದೀಪವಿಲ್ಲ. ನಾವು ಒತ್ತಿದ್ದು ಫೋನಿನಿಂದ ರೌಟರಿಗೆ, ರೌಟರಿನಿಂದ ಟಿವಿಗೆ ಹೋಗುತ್ತದೆ. ಹಾಗಾಗಿ ಸಾಮಾನ್ಯವಾಗಿ ಎರಡೂ ಒಂದೇ ರೌಟರಿನಡಿ ಇರಬೇಕು. ಫೋನು ಮೊಬೈಲ್ ಡೇಟಾದಲ್ಲಿದ್ದರೆ ಬಹುತೇಕ ಆಗದು. ಅತಿಥಿಗಳಿಗೆಂದು ಇಟ್ಟ ಗೆಸ್ಟ್ ವೈಫೈಯಲ್ಲಿದ್ದರೂ ಸಾಮಾನ್ಯವಾಗಿ ಆಗದು, ಏಕೆಂದರೆ ಅದರಲ್ಲಿರುವ ಸಾಧನಗಳಿಗೆ ಮನೆಯ ಉಳಿದ ಸಾಧನಗಳು ಕಾಣದಂತೆ ರೌಟರೇ ತಡೆದಿರುತ್ತದೆ. ತಮಾಷೆಯೆಂದರೆ, ಇಂಟರ್ನೆಟ್ ಹೋಗಿದ್ದರೂ ರೌಟರಿಗೆ ಕರೆಂಟ್ ಇದ್ದರೆ ವಾಲ್ಯೂಮ್ ಏರಿಸಿ ಇಳಿಸಲು ಸಾಮಾನ್ಯವಾಗಿ ತೊಂದರೆಯಿಲ್ಲ.

ಆಂಡ್ರಾಯ್ಡ್ ಟಿವಿ ಅಥವಾ ಗೂಗಲ್ ಟಿವಿಯಾದರೆ ಫೋನಿಗೆ ಗೂಗಲ್ ಟಿವಿ ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ರಿಮೋಟ್ ಚಿತ್ರ ಒತ್ತಿದರೆ ಟಿವಿಯ ಹೆಸರು ಕಾಣುತ್ತದೆ. ಹೆಸರನ್ನು ಮುಟ್ಟಿದಾಗ ಟಿವಿ ಪರದೆಯ ಮೇಲೆ ಒಂದು ಕೋಡ್ ಮೂಡುತ್ತದೆ. ಅದನ್ನು ಫೋನಿನಲ್ಲಿ ಬರೆದರೆ ಜೋಡಣೆ ಮುಗಿಯಿತು. ಟಿವಿ ಎದುರು ಕೂತವರಿಗೆ ಮಾತ್ರ ಕೋಡ್ ಕಾಣುವುದರಿಂದ ಪಕ್ಕದ ಮನೆಯ ಹುಡುಗ ನಿಮ್ಮ ಧಾರಾವಾಹಿ ನಿಲ್ಲಿಸಲಾರ. ಸ್ಯಾಮ್ಸಂಗ್ ಟಿವಿಗೆ ಸ್ಮಾರ್ಟ್‌ಥಿಂಗ್ಸ್, ಎಲ್‌ಜಿಗೆ ಥಿನ್‌ಕ್ಯೂ ಆ್ಯಪ್ ಇವೆ. ಕೆಲವು ಟಿವಿಗಳು ಮೊದಲ ಜೋಡಣೆಗೆ ಅನುಮತಿ ಕೇಳುತ್ತವೆ, ಅದಕ್ಕೆ ಒಪ್ಪಿಗೆ ಒತ್ತಲು ಹಳೆಯ ರಿಮೋಟೇ ಬೇಕಾಗಬಹುದು. ಆದ್ದರಿಂದ ರಿಮೋಟ್ ಕೈಯಲ್ಲಿರುವಾಗಲೇ ಮನೆಯ ಒಂದೆರಡು ಫೋನುಗಳನ್ನು ಜೋಡಿಸಿಟ್ಟುಕೊಳ್ಳುವುದು ಜಾಣತನ.

ನಿಜವಾದ ಪೇಚು ಎದುರಾಗುವುದು ರೌಟರ್ ಬದಲಾದಾಗ. ಒಂದು ಮನೆಯಲ್ಲಿ ಹೊಸ ಫೈಬರ್ ಸಂಪರ್ಕ ಬಂತು ಎಂದುಕೊಳ್ಳಿ. ವೈಫೈಯ ಹೆಸರೂ ಪಾಸ್‌ವರ್ಡೂ ಬದಲಾದವು, ಟಿವಿಯ ರಿಮೋಟ್ ಆಗಲೇ ಕೆಟ್ಟು ಕೂತಿದೆ. ಟಿವಿ ಇನ್ನೂ ಹಳೆಯ `Mane_WiFi` ಹುಡುಕುತ್ತಿದೆ. ಹೊಸದಕ್ಕೆ ಸೇರಿಸಲು ರಿಮೋಟ್ ಬೇಕು, ಫೋನು ರಿಮೋಟ್ ಆಗಲು ಟಿವಿ ವೈಫೈಗೆ ಸೇರಿರಬೇಕು.

ಇಲ್ಲಿ ಎರಡು ಫೋನು ಬೇಕು. ಮೊದಲನೆಯದರಲ್ಲಿ ಹಾಟ್‌ಸ್ಪಾಟ್ ತೆರೆದು ಅದಕ್ಕೆ `Mane_WiFi` ಎಂಬ ಹೆಸರನ್ನೇ, ಹಳೆಯ ಪಾಸ್‌ವರ್ಡನ್ನೇ ಕೊಡಿ. ದೊಡ್ಡಕ್ಷರ, ಸಣ್ಣಕ್ಷರ ಒಂದೂ ತಪ್ಪಬಾರದು. ಹಳೆಯ ಟಿವಿಗಳು 5 ಗಿಗಾಹರ್ಟ್ಜ್ ಗುರುತಿಸದೇ ಇರಬಹುದು, ಹಾಟ್‌ಸ್ಪಾಟನ್ನು 2.4ಕ್ಕೆ ಇಡಿ. ಟಿವಿಯ ಮೈಮೇಲಿನ ಗುಂಡಿಯಿಂದ ಅದನ್ನು ಹಚ್ಚಿದರೆ, ಹಳೆಯ ರೌಟರೇ ಬಂತೆಂದು ತಿಳಿದು ಅದು ತಾನಾಗಿ ಸೇರಿಕೊಳ್ಳುತ್ತದೆ. ಎರಡನೆಯ ಫೋನನ್ನೂ ಅದೇ ಹಾಟ್‌ಸ್ಪಾಟಿಗೆ ಸೇರಿಸಿ ರಿಮೋಟ್ ಆ್ಯಪ್ ತೆರೆಯಿರಿ. ಟಿವಿಯ ಸೆಟ್ಟಿಂಗ್ಸಿನಲ್ಲಿ ಹೊಸ ವೈಫೈ ಆರಿಸಿ ಪಾಸ್‌ವರ್ಡ್ ಬರೆಯಿರಿ. ಟಿವಿ ಹೊಸ ವೈಫೈಗೆ ಜಿಗಿದ ಕೂಡಲೇ ಫೋನಿನ ರಿಮೋಟ್ ಸತ್ತಂತಾಗುತ್ತದೆ. ಗಾಬರಿ ಬೇಡ, ಫೋನನ್ನೂ ಹೊಸ ವೈಫೈಗೆ ಬದಲಿಸಿದರೆ ಮತ್ತೆ ಜೀವ ಬರುತ್ತದೆ. ಎರಡನೆಯ ಫೋನು ಸಿಗದಿದ್ದರೆ ಕಂಪ್ಯೂಟರಿನ ಯುಎಸ್‌ಬಿ ಮೌಸನ್ನು ಟಿವಿಯ ಹಿಂಬದಿಗೆ ಸಿಕ್ಕಿಸಿ ನೋಡಿ. ಆಂಡ್ರಾಯ್ಡ್ ಟಿವಿಯಲ್ಲಿ ಪರದೆ ಮೇಲೆ ಬಾಣದ ಗುರುತು ಬರುತ್ತದೆ. ಎಲ್ಲಕ್ಕಿಂತ ಸುಲಭದ್ದು, ಹೊಸ ರೌಟರ್ ಕೂರಿಸಲು ಬಂದವರಿಗೆ ಹಳೆಯ ಹೆಸರು, ಪಾಸ್‌ವರ್ಡುಗಳನ್ನೇ ಇಡಲು ಹೇಳುವುದು.

ಇಷ್ಟಾದರೂ ಫೋನಿಗೆ ದಕ್ಕದ ಕೆಲಸಗಳಿವೆ. ಗೋಡೆಯ ಸ್ವಿಚ್ ಆರಿಸಿದ್ದರೆ ಟಿವಿಯನ್ನು ಫೋನಿನಿಂದ ಹಚ್ಚಲಾಗದು. ಸ್ಟ್ಯಾಂಡ್‌ಬೈನಲ್ಲಿದ್ದರೂ ಕೆಲವು ಟಿವಿಗಳು ವೈಫೈ ಮುಚ್ಚಿಕೊಂಡೇ ಮಲಗುತ್ತವೆ. ಇನ್ನು ಕೇಬಲ್ ಅಥವಾ ಡಿಶ್ ನೋಡುವ ಮನೆಗಳಲ್ಲಿ ಚಾನೆಲ್ ಬದಲಿಸುವುದು ಸೆಟ್ ಟಾಪ್ ಬಾಕ್ಸ್, ಟಿವಿಯಲ್ಲ. ಟಿವಿಯ ಆ್ಯಪಿನಿಂದ ಸದ್ದು ಏರಿಸಬಹುದು, ಆದರೆ ಸುದ್ದಿ ಚಾನೆಲಿನಿಂದ ಸಿನಿಮಾಕ್ಕೆ ಹೋಗಲು ಸಾಮಾನ್ಯವಾಗಿ ಬಾಕ್ಸಿನ ರಿಮೋಟನ್ನೇ ಹುಡುಕಬೇಕು.