ಮನೆ ಕಂದಾಯದ ರಸೀದಿಯಿಂದ ಶುರುವಾಗಲಿ ಪಂಚಾಯಿತಿ ಬಜೆಟ್

ಗ್ರಾಮ ಪಂಚಾಯಿತಿಯ ಬಜೆಟ್ ಪ್ರತಿ ವರ್ಷ ಮಂಡನೆಯಾಗುತ್ತದೆ, ಸಭೆಯಲ್ಲಿ ಓದುತ್ತಾರೆ, ಕೈ ಎತ್ತಿ ಒಪ್ಪಿಗೆಯೂ ಆಗುತ್ತದೆ. ಆದರೆ ಆ ಲೆಕ್ಕದ ಶೀರ್ಷಿಕೆಗಳು ಎಷ್ಟು ಜನರಿಗೆ ಅರ್ಥವಾಗುತ್ತವೆ? ಅದನ್ನೇ ತಿಳಿಗನ್ನಡದಲ್ಲಿ ಹೇಳುವ ಪುಸ್ತಿಕೆಯೊಂದು ಮನೆಮನೆಗೆ ಹೋಗಬೇಕು. ಅದರ ಮೊದಲ ಪುಟದಲ್ಲಿ ಲಕ್ಷಗಳ ಮೊತ್ತ ಬೇಡ, ಮನೆ ಕಂದಾಯದ ರಸೀದಿ ಇರಲಿ.

ನಿಮ್ಮ ಮನೆಯ ತೆರಿಗೆ 600 ರೂಪಾಯಿ ಎಂದುಕೊಳ್ಳಿ. ನೀವು ಕಟ್ಟುವುದು 804. ಮೇಲಿನ 204 ರೂಪಾಯಿ ಉಪಕರಗಳದ್ದು: ಆರೋಗ್ಯಕ್ಕೆ ಶೇ 15ರಂತೆ 90, ಶಿಕ್ಷಣಕ್ಕೆ ಶೇ 10ರಂತೆ 60, ಗ್ರಂಥಾಲಯಕ್ಕೆ ಶೇ 6ರಂತೆ 36, ಭಿಕ್ಷುಕರ ಪುನರ್ವಸತಿಗೆ ಶೇ 3ರಂತೆ 18. ಪಂಚಾಯಿತಿ ಇವನ್ನು ವಸೂಲಿ ಮಾಡುತ್ತದೆ ಅಷ್ಟೆ, ತನಗೆ ಬೇಕಾದ ಕಡೆ ಖರ್ಚು ಮಾಡುವಂತಿಲ್ಲ. ಅದರ ಸ್ವಂತ ಆದಾಯ ಆ 600 ಮಾತ್ರ. ಅದರಲ್ಲೂ ಎಷ್ಟು ಮನೆಗಳಿಂದ ಬರಬೇಕಿತ್ತು, ಎಷ್ಟು ಬಂತು, ಎಷ್ಟು ಬಾಕಿ ಎಂಬ ಮೂರೂ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಡಬೇಕು. ಬರಬೇಕಾದ ಹಣವನ್ನೇ ಬಂದ ಹಣವೆಂದು ತೋರಿಸಿದರೆ ಬಜೆಟ್ ಉಬ್ಬಿ ಕಾಣುತ್ತದೆ, ಕೆಲಸಗಳು ಅರ್ಧಕ್ಕೇ ನಿಲ್ಲುತ್ತವೆ.

ಆಮೇಲೆ ಅನುದಾನ. ‘ದುಡ್ಡು ಬಂದಿದೆಯಲ್ಲ, ನಮ್ಮ ಬೀದಿಗೆ ರಸ್ತೆ ಯಾಕಿಲ್ಲ?’ ಎಂಬ ಜಗಳ ಹುಟ್ಟುವುದು ಇಲ್ಲೇ. 15ನೇ ಹಣಕಾಸು ಆಯೋಗವು 2021-22ರಿಂದ 2025-26ರವರೆಗೆ ಕೊಟ್ಟ ಅನುದಾನಕ್ಕೆ ಷರತ್ತಿತ್ತು. 10 ಲಕ್ಷ ಬಂದರೆ 3 ಲಕ್ಷ ಕುಡಿಯುವ ನೀರು, ಮಳೆನೀರು ಸಂಗ್ರಹದಂಥ ಕೆಲಸಕ್ಕೆ, 3 ಲಕ್ಷ ನೈರ್ಮಲ್ಯಕ್ಕೆ. ಉಳಿದ 4 ಲಕ್ಷವಷ್ಟೇ ಊರಿನ ಇತರ ಅಗತ್ಯಗಳಿಗೆ, ಅದನ್ನೂ ಸಂಬಳಕ್ಕೆ ಬಳಸುವಂತಿರಲಿಲ್ಲ. ಯಾವ ಹಣಕ್ಕೆ ಯಾವ ಕಟ್ಟುಪಾಡು ಎಂದು ಪುಸ್ತಿಕೆಯಲ್ಲಿದ್ದರೆ ಕಾರ್ಯದರ್ಶಿಯನ್ನೂ ಸದಸ್ಯರನ್ನೂ ಸರಿಯಾದ ಪ್ರಶ್ನೆ ಕೇಳಬಹುದು.

ಖರ್ಚಿನ ಪುಟದಲ್ಲಿ ‘ಚರಂಡಿ ದುರಸ್ತಿ, 2 ಲಕ್ಷ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ‘ಮಾರಮ್ಮನ ಗುಡಿಯಿಂದ ಅಂಗನವಾಡಿವರೆಗೆ 60 ಮೀಟರ್ ಚರಂಡಿ, ಅಂದಾಜು ಇಷ್ಟು, ಪಾವತಿ ಇಷ್ಟು, ಅನುದಾನ ಇಂಥದ್ದು’ ಎಂದಿರಬೇಕು. ಆಗ ಆ ಬೀದಿಯ ಯಾರು ಬೇಕಾದರೂ ಟೇಪು ಹಿಡಿದು ಅಳೆಯಬಹುದು. ಹಿಂದಿನ ವರ್ಷದ ಯೋಜನೆಯಲ್ಲಿದ್ದು ಆಗದೇ ಉಳಿದ ಕೆಲಸಗಳನ್ನೂ ಕಾರಣದ ಸಮೇತ ಹಾಕಬೇಕು. ಇದನ್ನು ಬಿಟ್ಟ ಪುಸ್ತಿಕೆ ಬರೀ ಪ್ರಚಾರಪತ್ರ.

ಊರಿನಲ್ಲಿ ಆಗುವ ಎಲ್ಲ ಕೆಲಸವೂ ಇದರಲ್ಲಿ ಸಿಗುವುದಿಲ್ಲ. ಲೋಕೋಪಯೋಗಿ ಇಲಾಖೆ ನೇರವಾಗಿ ಮಾಡಿಸಿದ ರಸ್ತೆಯ ಹಣ ಪಂಚಾಯಿತಿ ಖಾತೆಗೆ ಬಂದೇ ಇರುವುದಿಲ್ಲ. ಅಂಥವುಗಳ ಪಟ್ಟಿಯನ್ನು ಇಲಾಖೆಯ ಹೆಸರಿನೊಂದಿಗೆ ಬೇರೆಯಾಗಿ ಕೊಡುವುದೇ ಒಳ್ಳೆಯದು.

ಪುಸ್ತಿಕೆ ಹಂಚಲು ಸರಿಯಾದ ಸಮಯ ಜಮಾಬಂದಿಗೆ ಮುಂಚೆ. ಅಲ್ಲಿ ಹಿಂದಿನ ವರ್ಷದ ಲೆಕ್ಕವನ್ನೂ ಕಾಮಗಾರಿಯನ್ನೂ ಜನರ ಎದುರೇ ತಾಳೆ ನೋಡಬೇಕು. ಒಂದು ವಾರ ಮೊದಲೇ ಕೈಗೆ ಬಂದರೆ ಜನ ಚರಂಡಿ ನೋಡಿಕೊಂಡೇ ಸಭೆಗೆ ಬರುತ್ತಾರೆ. ಪುಸ್ತಿಕೆಯ 60 ಮೀಟರ್ ಅಲ್ಲಿ 45 ಇದ್ದರೆ, ಎಂಜಿನಿಯರ್ ಬರೆದ ಅಳತೆ ಪುಸ್ತಕವನ್ನು ಅಲ್ಲೇ ತೆರೆಸಿ ಕೇಳಬಹುದು.