ದಾಳದಲ್ಲಿ ಒಂದರ ಎದುರು ಯಾವುದು?

ಎನ್‌ಎಂಎಂಎಸ್ ಪರೀಕ್ಷೆಗೆ ತಯಾರಾಗುವ ಎಂಟನೇ ಕ್ಲಾಸಿನ ಮಕ್ಕಳಲ್ಲಿ ಕೆಲವರು ದಾಳದ ಚಿತ್ರ ಕಂಡ ಕೂಡಲೇ ‘ಎದುರುಬದುರು ಕೂಡಿದರೆ ಏಳು’ ಅಂತ ಉತ್ತರ ಬರೆದುಬಿಡುತ್ತಾರೆ. ಲೂಡೊ ದಾಳಕ್ಕೆ ಅದು ಸಾಮಾನ್ಯವಾಗಿ ಸರಿ. ಪ್ರಶ್ನೆಪತ್ರಿಕೆಯ ದಾಳ ಹಾಗೇ ಇರಬೇಕೆಂದಿಲ್ಲ.

ಒಂದೇ ದಾಳದ ಮೂರು ಚಿತ್ರಗಳಿವೆ ಅನ್ನಿ. ಮೇಲೆ, ಮುಂದೆ, ಬಲಕ್ಕೆ ಎಂಬ ಕ್ರಮದಲ್ಲಿ ಮೊದಲನೆಯದರಲ್ಲಿ 1, 2, 3. ಎರಡನೆಯದರಲ್ಲಿ 3, 6, 1. ಮೂರನೆಯದರಲ್ಲಿ 5, 2, 1. ಒಂದರ ಎದುರು ಯಾವುದು? ಏಳರ ಲೆಕ್ಕದಲ್ಲಿ 6 ಆಗಬೇಕು. ಆದರೆ ಎರಡನೇ ಚಿತ್ರದಲ್ಲಿ 1 ಮತ್ತು 6 ಒಟ್ಟಿಗೇ ಕಾಣುತ್ತಿವೆಯಲ್ಲ! ಒಟ್ಟಿಗೆ ಕಂಡ ಮುಖಗಳು ಅಕ್ಕಪಕ್ಕದವು, ಎದುರಿನವು ಆಗಲಾರವು.

ಹಾಗಾಗಿ ಒಂದರ ನೆರೆಯವರನ್ನು ಎಣಿಸೋಣ. ಮೊದಲ ಚಿತ್ರದಿಂದ 2, 3, ಎರಡನೆಯದರಿಂದ 6, ಮೂರನೆಯದರಿಂದ 5. ಯಾವ ಮುಖಕ್ಕೂ ನೆರೆ ನಾಲ್ಕೇ, ಅವು ಸಿಕ್ಕಿಬಿಟ್ಟವು. ಉಳಿದದ್ದು 4, ಅದೇ ಎದುರಿನದು. ‘ಸರ್, ಚಿತ್ರದಲ್ಲಿ 4 ಇಲ್ಲವೇ ಇಲ್ಲ, ಪ್ರಶ್ನೆಯೇ ತಪ್ಪು’ ಅನ್ನುವವರಿದ್ದಾರೆ. ಕಾಣದೆ ಇರುವುದೇ ಅದರ ಸುಳಿವು.

ಇನ್ನೊಂದು ದಾರಿಯೂ ಇದೆ. ಮೊದಲೆರಡು ಚಿತ್ರಗಳಲ್ಲಿ 1, 3 ಎರಡೂ ಇವೆ. ಮಿಕ್ಕ 2 ಮತ್ತು 6 ಎದುರುಬದುರು. ಹಾಗೆಯೇ ಮೊದಲನೆಯದು, ಮೂರನೆಯದು ಸೇರಿದರೆ 3ರ ಎದುರು 5.

ಇಲ್ಲಿ ಅಂಕಿಗಳನ್ನು ಉರ್ದುವಿನಂತೆ ಬಲದಿಂದ ಓದಿದರೂ ನಡೆಯುತ್ತದೆ, ಕ್ರಮ ಮುಖ್ಯವಲ್ಲ. ಆದರೆ ಎರಡೇ ಚಿತ್ರ ಕೊಟ್ಟು ಒಂದೇ ಅಂಕಿ ಸಮಾನವಾಗಿದ್ದರೆ, ಈ ಎಣಿಕೆ ಆ ಅಂಕಿಯ ಎದುರನ್ನು ಮಾತ್ರ ಕೊಡುತ್ತದೆ. ಉಳಿದವಕ್ಕೆ ಸಮಾನ ಅಂಕಿಯಿಂದ ಹೊರಟು, ಎರಡು ಚಿತ್ರಗಳಲ್ಲೂ ಗಡಿಯಾರದ ಮುಳ್ಳಿನ ದಿಕ್ಕಿಗೇ ಓದಿ ಜೋಡಿಸಬೇಕು.