ನಂಬರ್ ಪ್ಲೇಟಿಲ್ಲದ ಸ್ಕೂಟರಿಗೆ ವಿಮೆ ಬೇಕೆ?

ಲೈಸೆನ್ಸ್ ಬೇಡ, ರಿಜಿಸ್ಟ್ರೇಷನ್ ಬೇಡ, ಇನ್ಶೂರೆನ್ಸ್ ಬೇಡ. ಎಲೆಕ್ಟ್ರಿಕ್ ಸ್ಕೂಟರ್ ಮಾರುವ ಅಂಗಡಿಗಳು ಗ್ರಾಹಕರನ್ನು ಸೆಳೆಯುವುದೇ ಈ ಮೂರು ‘ಬೇಡ’ಗಳಿಂದ. ಕಾಲೇಜಿಗೆ ಹೋಗುವ ಮಗಳಿಗೆ, ಸಂತೆಗೆ ಹೋಗಿಬರುವ ಅಪ್ಪನಿಗೆ ಗಾಡಿ ಕೊಡಿಸಬೇಕು ಅನ್ನುವವರಿಗೆ ಇದಕ್ಕಿಂತ ಸಲೀಸು ಇನ್ನೇನು ಬೇಕು? ಅಂಗಡಿಯವರು ಹೇಳುವುದು ಸುಳ್ಳಲ್ಲ. ಆದರೆ ಅದು ಯಾವ ಗಾಡಿಗೆ ಸಲ್ಲುತ್ತದೆ, ರಸ್ತೆಯಲ್ಲಿ ಯಾರಿಗಾದರೂ ಪೆಟ್ಟಾದರೆ ಖರ್ಚು ಯಾರ ತಲೆಗೆ ಬರುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ನಮ್ಮ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಪ್ರಕಾರ ಸಾರ್ವಜನಿಕ ರಸ್ತೆಗೆ ಇಳಿಯುವ ಪ್ರತಿ ‘ಮೋಟಾರು ವಾಹನ’ಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಥರ್ಡ್ ಪಾರ್ಟಿ ಎಂದರೆ ನಮ್ಮ ಗಾಡಿಯಿಂದ ಪೆಟ್ಟು ತಿಂದ ಹೊರಗಿನವರು. ಹಾಗಾದರೆ ಪುಟ್ಟ ಬ್ಯಾಟರಿ ಗಾಡಿ ಮೋಟಾರು ವಾಹನ ಹೌದೋ ಅಲ್ಲವೋ? ಇದಕ್ಕೆ ಉತ್ತರ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿದೆ. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಇರಬೇಕು. ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರ್ ಮುಟ್ಟಬಾರದು. ಬ್ಯಾಟರಿ ಬಿಟ್ಟು ಗಾಡಿಯ ತೂಕ 60 ಕಿಲೋ ದಾಟಬಾರದು. ಜೊತೆಗೆ ಪುಣೆಯ ಎಆರ್‌ಎಐನಂಥ ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆ ಆ ಮಾದರಿಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟಿರಬೇಕು. ಇಷ್ಟೂ ಇದ್ದರೆ ಅದು ಕಾನೂನಿನ ಕಣ್ಣಿಗೆ ಮೋಟಾರು ವಾಹನವೇ ಅಲ್ಲ. ಪೆಡಲ್ ತುಳಿಯುವಾಗ ಮೋಟಾರ್ ನೆರವಾಗುವ ಸೈಕಲ್ಲಿಗೂ ಇದೇ ಬಗೆಯ ವಿನಾಯಿತಿ ಇದೆ. ಆದರೆ ವೇಗ 25 ಮುಟ್ಟಿದಾಗ, ಅಥವಾ ಅದಕ್ಕೂ ಮೊದಲೇ ತುಳಿಯುವುದನ್ನು ನಿಲ್ಲಿಸಿದಾಗ, ಮೋಟಾರ್ ತಾನಾಗಿ ಕೈಬಿಡಬೇಕು.

ವಿಮೆ ಕಡ್ಡಾಯವಲ್ಲ ಎಂದ ಮಾತ್ರಕ್ಕೆ ಹೊಣೆಯೂ ಇಲ್ಲ ಎಂದಲ್ಲ. ಒಂದು ಪ್ರಸಂಗವನ್ನು ಊಹಿಸಿಕೊಳ್ಳೋಣ. ಮೈಸೂರಿನ ಅಂಗಡಿಯವರೊಬ್ಬರು ಸಂಜೆ ಇಂಥ ಸ್ಕೂಟರಿನಲ್ಲಿ ಮನೆಗೆ ಬರುತ್ತಿದ್ದಾರೆ. ತಿರುವಿನಲ್ಲಿ ಗಮನ ತಪ್ಪಿ, ರಸ್ತೆ ದಾಟುತ್ತಿದ್ದ ಅರವತ್ತರ ಹೆಂಗಸಿಗೆ ಗುದ್ದುತ್ತಾರೆ. ವೇಗ ಇಪ್ಪತ್ತೇ ಇದ್ದರೂ ಬಿದ್ದ ರಭಸಕ್ಕೆ ಆಕೆಯ ಸೊಂಟದ ಮೂಳೆ ಮುರಿಯುತ್ತದೆ. ಶಸ್ತ್ರಚಿಕಿತ್ಸೆ, ಔಷಧಿ, ಆರೈಕೆ ಸೇರಿ ಎರಡೂವರೆ ಲಕ್ಷ ಖರ್ಚಾಯಿತು ಎನ್ನಿ.

ಅದೇ ಜಾಗದಲ್ಲಿ ನಂಬರ್ ಪ್ಲೇಟಿರುವ, ವಿಮೆಯಿರುವ ಸ್ಕೂಟರ್ ಇದ್ದಿದ್ದರೆ ಆಕೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕುತ್ತಿದ್ದರು. ಮಂಡಳಿ ನಿಗದಿ ಮಾಡಿದ ಪರಿಹಾರವನ್ನು ವಿಮಾ ಕಂಪನಿ ಕಟ್ಟುತ್ತಿತ್ತು. ಸಾವು ಮತ್ತು ಗಾಯದ ವಿಷಯದಲ್ಲಿ ಆ ವಿಮೆಗೆ ಮೊತ್ತದ ಮಿತಿಯೂ ಇಲ್ಲ. ಇಲ್ಲಿ ಗಾಡಿ ಮೋಟಾರು ವಾಹನವಲ್ಲದ ಕಾರಣ ಆ ಬಾಗಿಲು ಮುಚ್ಚಿದೆ. ಆಕೆ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬೇಕು. ಗೆದ್ದರೆ ಹಣ ಅಂಗಡಿಯವರ ಜೇಬಿನಿಂದಲೇ ಹೋಗಬೇಕು. ನಿರ್ಲಕ್ಷ್ಯದ ಚಾಲನೆಗೆ ಪೊಲೀಸ್ ಕೇಸು ಆಗುವುದಕ್ಕೂ ಅಡ್ಡಿಯಿಲ್ಲ, ಏಕೆಂದರೆ ಆ ಕಲಂ ಮೋಟಾರು ವಾಹನಕ್ಕಷ್ಟೇ ಸೀಮಿತವಾಗಿಲ್ಲ. ಅವರ ಆರೋಗ್ಯ ವಿಮೆ ಅವರ ಗಾಯಕ್ಕೆ ಬರುತ್ತದೆಯೇ ಹೊರತು ಆ ಹೆಂಗಸಿನ ಬಿಲ್ಲಿಗೆ ಬರುವುದಿಲ್ಲ. ಇಬ್ಬರಿಗೂ ಇದು ಕಷ್ಟ. ಪೆಟ್ಟು ತಿಂದವರಿಗೆ ಇನ್ನೂ ಕಷ್ಟ.

ತಿರುಗಿಸಿ ನೋಡಿದರೆ ಒಂದು ಸಮಾಧಾನವಿದೆ. ಕಾರೋ ಲಾರಿಯೋ ಬಂದು ನಿಧಾನದ ಸ್ಕೂಟರಿಗೆ ಗುದ್ದಿದರೆ, ಸವಾರರು ಆ ಕಾರಿನ ಥರ್ಡ್ ಪಾರ್ಟಿ ವಿಮೆಯಿಂದ ಪರಿಹಾರ ಕೇಳಬಹುದು. ತಮ್ಮ ಗಾಡಿಗೆ ವಿಮೆಯಿಲ್ಲ ಎಂಬುದು ಅದಕ್ಕೆ ಅಡ್ಡಬರುವುದಿಲ್ಲ.

ಇನ್ನು ಸ್ವಂತ ಇಚ್ಛೆಯಿಂದ ಕೊಳ್ಳಬಹುದಾದ ವಿಮೆ. ಖಾಸಗಿ ಕಂಪನಿಗಳು ಮಾರುವ ಸೈಕಲ್ ವಿಮೆಗಳಲ್ಲಿ ಸಾಮಾನ್ಯವಾಗಿ ಎರಡು ಭಾಗ ಇರುತ್ತವೆ: ಗಾಡಿ ಕಳವಾದರೆ ಅಥವಾ ಅಪಘಾತದಲ್ಲಿ ಹಾಳಾದರೆ ಹಣ, ಮತ್ತು ಸವಾರರು ಸತ್ತರೆ ಅಥವಾ ಶಾಶ್ವತ ಅಂಗವೈಕಲ್ಯವಾದರೆ ಪರಿಹಾರ. ಕಳವಿನ ಕ್ಲೇಮಿನಲ್ಲಿ ಜಗಳ ಆಗುವುದು ಸಾಮಾನ್ಯವಾಗಿ ಬ್ಯಾಟರಿಯ ಬಗ್ಗೆ. ಗಾಡಿ ಉಳಿದು ಬ್ಯಾಟರಿ ಮಾತ್ರ ಹೋದರೆ ಅದನ್ನು ಬಿಡಿಭಾಗದ ಕಳವು ಎಂದು ಪರಿಗಣಿಸಿ ಕೊಡದ ಪಾಲಿಸಿಗಳಿವೆ. ಗಾಡಿಯಲ್ಲಿ ಅತಿ ದುಬಾರಿ ಭಾಗವೇ ಬ್ಯಾಟರಿಯಾದ್ದರಿಂದ ಈ ಒಂದು ಸಾಲನ್ನು ಓದದೆ ಸಹಿ ಹಾಕಬಾರದು. ಬ್ಯಾಟರಿ ಸವೆದು ಚಾರ್ಜ್ ನಿಲ್ಲದಿರುವುದು ವಿಮೆಯ ವಿಷಯವಲ್ಲ, ಕಂಪನಿಯ ವಾರಂಟಿಯ ವಿಷಯ. ಬಾಡಿಗೆಗೆ ಅಥವಾ ಡೆಲಿವರಿ ಕೆಲಸಕ್ಕೆ ಓಡಿಸುತ್ತಿದ್ದರೆ ಅದನ್ನು ಮೊದಲೇ ಬರೆಸಬೇಕು. ಮನೆಬಳಕೆಗೆಂದು ಕೊಂಡ ಪಾಲಿಸಿ ಅಲ್ಲಿ ಕೈಕೊಡಬಹುದು.

ಮೇಲಿನ ಪ್ರಸಂಗದಲ್ಲಿ ಬೇಕಾಗಿದ್ದ ಮೂರನೆಯ ಭಾಗ, ಅಂದರೆ ಹೊರಗಿನವರಿಗೆ ಕೊಡುವ ಪರಿಹಾರ, ಇಲ್ಲೆಲ್ಲ ಬಹಳ ಸೊರಗಿದೆ. ಸರ್ಕಾರಿ ವಿಮಾ ಕಂಪನಿಗಳ ಹಳೆಯ ಗೃಹಸ್ಥ ಪಾಲಿಸಿಗಳಲ್ಲಿ ಪೆಡಲ್ ಸೈಕಲ್ಲಿನ ವಿಭಾಗ ಒಂದಿರುತ್ತದೆ. ಅದರಲ್ಲಿ ಥರ್ಡ್ ಪಾರ್ಟಿ ಮಿತಿ 10,000 ರೂಪಾಯಿ. ಅಂಗಡಿಯವರಿಗೆ ಅಂಥದೊಂದು ಪಾಲಿಸಿ ಇದ್ದು, ಕಂಪನಿ ಬ್ಯಾಟರಿ ಗಾಡಿಯನ್ನೂ ಅದರಲ್ಲಿ ಒಪ್ಪಿಕೊಂಡಿದ್ದರೂ ಉಳಿದ 2,40,000 ಅವರ ಮೇಲೆಯೇ. ನೋಂದಣಿಯಾದ, 3 ಕಿಲೋವ್ಯಾಟ್ ಒಳಗಿನ ಎಲೆಕ್ಟ್ರಿಕ್ ಸ್ಕೂಟರಿಗೆ 2022ರ ಜೂನ್‌ನಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ದರ ತೆರಿಗೆ ಬಿಟ್ಟು ವರ್ಷಕ್ಕೆ 457 ರೂಪಾಯಿ. ಅಷ್ಟು ಹಣಕ್ಕೆ ಮಿತಿಯಿಲ್ಲದ ಹೊಣೆಯನ್ನು ಕಂಪನಿ ಹೊರುತ್ತದೆ. ನಿಧಾನದ ಗಾಡಿಯವರಿಗೆ, ಬೇಕು ಎಂದರೂ ಅಂಥ ವಿಮೆ ಸಲೀಸಾಗಿ ಸಿಗದಿರುವುದು ದೊಡ್ಡ ಕೊರತೆ. ದಿನವೂ ಜನದಟ್ಟಣೆಯ ರಸ್ತೆಯಲ್ಲಿ ಓಡಾಡುವವರಿಗೆ ನೋಂದಣಿಯ ಸ್ಕೂಟರೇ ಮೇಲು ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಇನ್ನೂ ಅಪಾಯದ ಸಂಗತಿ ‘ಲಾಕ್ ತೆಗೆಸುವುದು’. ಕಂಟ್ರೋಲರಿನಲ್ಲಿ ವೇಗ ಕಟ್ಟಿಹಾಕುವ ವೈರನ್ನು ಬಿಚ್ಚಿದರೆ ಕೆಲವು ಗಾಡಿಗಳು ನಲವತ್ತರ ಮೇಲೆ ಓಡುತ್ತವೆ. ಆ ಕ್ಷಣಕ್ಕೆ ವಿನಾಯಿತಿ ಹೋಗಿ ಅದು ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನವಾಗುತ್ತದೆ. ವಿಮೆಯಿಲ್ಲದ್ದಕ್ಕೇ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಅಪಘಾತದ ಪರಿಹಾರವನ್ನು ನ್ಯಾಯಮಂಡಳಿ ಮಾಲೀಕರಿಂದಲೇ ವಸೂಲಿ ಮಾಡಿಸಬಹುದು. ಸ್ವಂತ ಇಚ್ಛೆಯಿಂದ ಕೊಂಡ ವಿಮೆಯನ್ನೂ ಕಂಪನಿ ನಿರಾಕರಿಸಲು ಕಾರಣ ಸಿಗುತ್ತದೆ, ಏಕೆಂದರೆ ಪಾಲಿಸಿಯಲ್ಲಿ ಬರೆದ ಗಾಡಿ ಈಗ ರಸ್ತೆಯಲ್ಲಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಸಮತಟ್ಟಾದ ರಸ್ತೆಯಲ್ಲಿ ಒಮ್ಮೆ ಪೂರ್ತಿ ವೇಗದಲ್ಲಿ ಓಡಿಸಿ, ಮೊಬೈಲಿನ ಜಿಪಿಎಸ್‌ನಲ್ಲಿ ವೇಗ ನೋಡಬೇಕು. ಮೀಟರನ್ನು ನಂಬುವಂತಿಲ್ಲ. 25 ದಾಟಿದರೆ ಲಾಕ್ ತೆಗೆದಿದ್ದಾರೆ, ಇಲ್ಲವೇ ಮೋಟಾರೇ ದೊಡ್ಡದು ಎಂದರ್ಥ. ಜೊತೆಗೆ ಆ ಮಾದರಿಯ ಪರೀಕ್ಷಾ ಪ್ರಮಾಣಪತ್ರದ ಪ್ರತಿ ಕೇಳಬೇಕು.

ಚಾರ್ಜಿಗೆ ಹಾಕಿದಾಗ ಬೆಂಕಿ ಬಿದ್ದರೆ ಏನು ಗತಿ ಎಂಬ ಆತಂಕವೂ ಮನೆಮನೆಯಲ್ಲಿದೆ. 2021ರಿಂದ ಎಲ್ಲ ಕಂಪನಿಗಳೂ ಮಾರುತ್ತಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಬೆಂಕಿಯಿಂದ ಮನೆಗೂ ಸಾಮಾನಿಗೂ ಆದ ನಷ್ಟ ತುಂಬುತ್ತದೆ. ಆದರೆ ವಾಹನಗಳನ್ನು, ಪಾಲಿಸಿಯಲ್ಲಿ ಬೇರೆಯಾಗಿ ನಮೂದಿಸದ ಹೊರತು, ಅದು ಹೊರಗಿಡುತ್ತದೆ. ಕಾಯ್ದೆ ಮೋಟಾರು ವಾಹನ ಅಲ್ಲ ಎಂದ ಸ್ಕೂಟರನ್ನು ಪಾಲಿಸಿ ‘ವಾಹನ’ ಎಂದು ಕರೆಯುತ್ತದೆಯೇ ಇಲ್ಲವೇ ಎಂಬ ಜಗಳ ಬೆಂಕಿ ಬಿದ್ದ ಮೇಲೆ ಬೇಡ. ಪಾಲಿಸಿ ಕೊಳ್ಳುವಾಗಲೇ ಸ್ಕೂಟರಿನ ಮಾದರಿ, ಬೆಲೆ ಬರೆಸಿ, ಸೇರಿಸಿದ್ದೇವೆ ಎಂಬ ಉತ್ತರವನ್ನು ಕಂಪನಿಯಿಂದ ಇಮೇಲಿನಲ್ಲಿ ತೆಗೆದಿಟ್ಟುಕೊಳ್ಳಬೇಕು.